ಎದ್ದಾಗ ಬರುವ ತಲೆಸುತ್ತು

ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆಗೆ ಇಳಿಯುತ್ತದೆ. ಆರೋಗ್ಯವಂತರಲ್ಲಿ ರಕ್ತನಾಳಗಳು ತಕ್ಷಣ ಬಿಗಿದುಕೊಂಡು ಒತ್ತಡವನ್ನು ಕಾಯುತ್ತವೆ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಪ್ರಜೋಸಿನ್, ಟ್ಯಾಮ್ಸುಲೋಸಿನ್‌ನಂಥ ಮಾತ್ರೆಗಳು ಈ ಬಿಗಿತವನ್ನೇ ಸಡಿಲಿಸುತ್ತವೆ. ಮೊದಲ ಕೆಲವು ದಿನ, ಡೋಸ್ ಹೆಚ್ಚಿಸಿದಾಗ ಅಪಾಯ ಹೆಚ್ಚು. ಬಿಪಿ ಮಾತ್ರೆಯೂ ಜೊತೆಗಿದ್ದರೆ ಇನ್ನೂ ಹೆಚ್ಚು.

ಪತ್ತೆಹಚ್ಚುವುದು ಸುಲಭ. ಐದು ನಿಮಿಷ ಮಲಗಿಸಿ ಬಿಪಿ ನೋಡಬೇಕು, ನಿಂತ ಮೇಲೆ ಒಂದನೇ ಮತ್ತು ಮೂರನೇ ನಿಮಿಷದಲ್ಲಿ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಕಾರಣ ಸಿಕ್ಕಂತೆ. ಮಲಗಿದಾಗ 140/80 ಇದ್ದ ಎಪ್ಪತ್ತರ ಹಿರಿಯರಿಗೆ ನಿಂತಾಗ 112/70 ಬಂದರೆ, ಕುಳಿತು ಅಳೆದ ಬಿಪಿ ಮಾತ್ರ ನಂಬಿದವರಿಗೆ ಇದು ಕಾಣುವುದೇ ಇಲ್ಲ.

ಇಂಥವರು ಬೀಳುವುದು ಹೆಚ್ಚಾಗಿ ರಾತ್ರಿ ಮೂತ್ರಕ್ಕೆ ಎದ್ದಾಗ. ಮೊದಲು ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಪಾದ ಆಡಿಸಿ, ಆಸರೆ ಹಿಡಿದು ಏಳಬೇಕು. ಗಂಡಸರೂ ಕುಳಿತೇ ಮೂತ್ರ ಮಾಡುವುದು ಕ್ಷೇಮ. ಕಣ್ಣು ಕತ್ತಲಿಟ್ಟರೆ ಅಲ್ಲೇ ಕುಳಿತುಬಿಡಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಡೋಸ್, ವೇಳೆ ಬದಲಿಸುವುದು ವೈದ್ಯರ ಕೆಲಸ. ಪ್ರಜ್ಞೆ ತಪ್ಪಿದರೆ, ಎದೆನೋವು ಬಂದರೆ, ಮಲ ಕಪ್ಪಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.