ಒಪ್ಪಿಗೆಯ ಇಮೇಲಿನಲ್ಲಿ ಒಂದೇ ಒಂದು ಪ್ರಶ್ನೆ

ಆಫರ್ ಲೆಟರ್ ಬಂತೆಂದರೆ ಮನೆಯವರಿಗೆಲ್ಲ ಸಿಹಿ ಹಂಚಿ, ಕಂಪನಿಗೆ ಮಾತ್ರ ‘ಥ್ಯಾಂಕ್ಯೂ, ಒಪ್ಪಿದ್ದೇನೆ’ ಎಂದು ಒಂದು ಸಾಲು ಬರೆದು ಮುಗಿಸುವವರೇ ಹೆಚ್ಚು. ಫೋನಿನಲ್ಲಿ ಕೇಳಿಸಿಕೊಂಡದ್ದನ್ನೆಲ್ಲ ಕಾಗದಕ್ಕೆ ತರಿಸಿಕೊಳ್ಳುವ ಒಳ್ಳೆಯ ಅವಕಾಶ ಆ ಒಂದು ಸಾಲಿನಲ್ಲಿ ಕಳೆದುಹೋಗುತ್ತದೆ.

ಒಂದು ಉದಾಹರಣೆ ನೋಡೋಣ. ತುಮಕೂರಿನ ಹುಡುಗಿಯೊಬ್ಬಳಿಗೆ ಬೆಂಗಳೂರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಸಿಕ್ಕಿದೆ. ಸಿಟಿಸಿ ವರ್ಷಕ್ಕೆ 12 ಲಕ್ಷ, ಅದರಲ್ಲಿ 1 ಲಕ್ಷ ವೇರಿಯಬಲ್. ಜೊತೆಗೆ 1 ಲಕ್ಷ ಜಾಯ್ನಿಂಗ್ ಬೋನಸ್. ವಾರಕ್ಕೆ ಮೂರು ದಿನ ಆಫೀಸಿಗೆ ಬಂದರೆ ಸಾಕೆಂದು ಎಚ್‌ಆರ್‌ನವರು ಫೋನಿನಲ್ಲಿ ಹೇಳಿದ್ದರು, ಲೆಟರಿನಲ್ಲಿ ಆ ಮಾತೇ ಇಲ್ಲ. ಬೋನಸ್ ಬಗ್ಗೆ ಮಾತ್ರ ಒಂದು ಸಾಲಿದೆ: ವರ್ಷ ತುಂಬುವ ಮೊದಲು ಕೆಲಸ ಬಿಟ್ಟರೆ ಅದನ್ನು ಹಿಂದಿರುಗಿಸಬೇಕು.

ಎಷ್ಟು ಹಿಂದಿರುಗಿಸಬೇಕು? ಒಂಬತ್ತು ತಿಂಗಳು ದುಡಿದು ಬಿಟ್ಟಳೆನ್ನಿ. ಉಳಿದ ತಿಂಗಳುಗಳ ಲೆಕ್ಕ ಹಿಡಿದರೆ 25 ಸಾವಿರ, ಇಡೀ ಬೋನಸ್ಸೇ ಎಂದರೆ 1 ಲಕ್ಷ. ತೆರಿಗೆ ಕಳೆದು ಕೈಗೆ ಬಂದದ್ದು 1 ಲಕ್ಷಕ್ಕಿಂತ ಕಡಿಮೆಯಿದ್ದರೂ ಕಂಪನಿ ಪೂರ್ತಿ ಮೊತ್ತ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಇದು. ಕ್ಯಾಬ್, ಲ್ಯಾಪ್‌ಟಾಪ್, ಇನ್ಶೂರೆನ್ಸ್ ಕಾರ್ಡು ಇವೆಲ್ಲ ಸೇರಿದ ಮೇಲೆ ಕೇಳಿದರೂ ನಡೆಯುತ್ತದೆ.

ಆಕೆಯ ಇಮೇಲನ್ನು ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ:

“ನಮಸ್ಕಾರ. ಜುಲೈ 1ರ ಆಫರ್ ಲೆಟರ್ ತಲುಪಿತು, ಧನ್ಯವಾದಗಳು. ಹುದ್ದೆಯನ್ನು ಸಂತೋಷದಿಂದ ಒಪ್ಪಿಕೊಳ್ಳುತ್ತಿದ್ದೇನೆ. ನಾನು ತಿಳಿದುಕೊಂಡಂತೆ ವಿವರಗಳು ಇವು: ಸಿಟಿಸಿ 12 ಲಕ್ಷ, ಅದರಲ್ಲಿ 1 ಲಕ್ಷ ವೇರಿಯಬಲ್, ಮೊದಲ ಸಂಬಳದ ಜೊತೆ 1 ಲಕ್ಷ ಜಾಯ್ನಿಂಗ್ ಬೋನಸ್, ಸೇರುವ ದಿನ ಸೆಪ್ಟೆಂಬರ್ 8, ಫೋನಿನಲ್ಲಿ ತಿಳಿಸಿದಂತೆ ವಾರಕ್ಕೆ ಮೂರು ದಿನ ಆಫೀಸು. ಇದರಲ್ಲಿ ವ್ಯತ್ಯಾಸವಿದ್ದರೆ ದಯವಿಟ್ಟು ತಿಳಿಸಿ. ಒಂದು ವಿಷಯ ಸ್ಪಷ್ಟಪಡಿಸಿಕೊಳ್ಳಬೇಕಿತ್ತು. ಒಂದು ವರ್ಷಕ್ಕೆ ಮೊದಲು ಬಿಟ್ಟರೆ ಬೋನಸ್ ವಾಪಸಾತಿ ಪೂರ್ತಿ ಮೊತ್ತಕ್ಕೋ, ಉಳಿದ ತಿಂಗಳುಗಳಿಗೆ ಅನುಗುಣವಾಗಿಯೋ?”

ಇಲ್ಲಿ ಒಪ್ಪಿಗೆ ಒಂದು ವಾಕ್ಯ, ಪ್ರಶ್ನೆ ಬೇರೆಯೇ ವಾಕ್ಯ. ಬೇಕೆಂದೇ ಹಾಗಿಟ್ಟದ್ದು. ‘ಬೋನಸ್ ಷರತ್ತು ಸಡಿಲಿಸಿದರೆ ಒಪ್ಪುತ್ತೇನೆ’ ಎಂದು ಬರೆದಿದ್ದರೆ ಕತೆಯೇ ಬೇರೆಯಾಗುತ್ತಿತ್ತು. 1872ರ ಭಾರತೀಯ ಒಪ್ಪಂದ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಪೂರ್ಣವಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು. ಷರತ್ತು ಸೇರಿಸಿದರೆ ಅದು ಒಪ್ಪಿಗೆಯಲ್ಲ, ನಿಮ್ಮ ಕಡೆಯಿಂದ ಹೊಸ ಪ್ರಸ್ತಾಪ. ಆಗ ಹಳೆಯ ಆಫರ್ ಬಿದ್ದುಹೋಯಿತೆಂದು ಕಂಪನಿ ಹೇಳಬಹುದು.

ಬರೀ ಪ್ರಶ್ನೆಗೆ ಆ ಅಪಾಯವಿಲ್ಲ. ಇಂಗ್ಲೆಂಡಿನಲ್ಲಿ 1880ರಲ್ಲಿ ತೀರ್ಮಾನವಾದ ಸ್ಟೀವನ್ಸನ್ ವರ್ಸಸ್ ಮೆಕ್ಲೀನ್ ಪ್ರಕರಣದಲ್ಲಿ ಟನ್ನಿಗೆ 40 ಶಿಲ್ಲಿಂಗಿನಂತೆ ಕಬ್ಬಿಣ ಮಾರಲು ಒಬ್ಬ ಮುಂದೆ ಬಂದಿದ್ದ. ಕೊಳ್ಳುವವರು ಅದೇ ಬೆಲೆಗೆ ಎರಡು ತಿಂಗಳಲ್ಲಿ ಸರಕು ಕೊಡಬಹುದೇ ಎಂದು ತಂತಿ ಕಳಿಸಿದರು. ಅದು ವಿಚಾರಣೆ ಮಾತ್ರ, ಪ್ರಸ್ತಾಪವನ್ನು ತಳ್ಳಿಹಾಕಿದಂತಲ್ಲ ಎಂದಿತು ಕೋರ್ಟು. ತಂತಿಯ ಕಾಲ ಹೋಗಿ ಇಮೇಲಿನ ಕಾಲ ಬಂದರೂ ಆ ವ್ಯತ್ಯಾಸ ಹಾಗೇ ಇದೆ. ಇಮೇಲಿನಲ್ಲಿ ಆದದ್ದೆಂಬ ಒಂದೇ ಕಾರಣಕ್ಕೆ ಒಪ್ಪಂದ ಅಸಿಂಧುವಾಗದೆಂದು ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಹೇಳುತ್ತದೆ.

ಆದರೆ ಈ ಮೆದು ಧಾಟಿಗೆ ಒಂದು ಮಿತಿಯಿದೆ. ಒಪ್ಪಿಯಾದ ಮೇಲೆ ‘ಪೂರ್ತಿ 1 ಲಕ್ಷ ವಾಪಸ್ ಕೊಡಬೇಕು’ ಎಂಬ ಉತ್ತರ ಬಂದರೆ ಆಕೆಯ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಹಾಗಾಗಿ ಯಾವ ಉತ್ತರ ಬಂದರೂ ಸೇರುವುದು ಖಂಡಿತ ಎಂಬಂಥ ಪ್ರಶ್ನೆಯನ್ನಷ್ಟೇ ಒಪ್ಪಿಗೆಯ ಜೊತೆ ಕಳಿಸಬೇಕು ಎಂಬುದು ನನ್ನ ಅಭಿಪ್ರಾಯ. ಉತ್ತರ ನೋಡಿ ಮನಸ್ಸು ಬದಲಾಗುವ ಹಾಗಿದ್ದರೆ ಒಪ್ಪುವ ಮೊದಲೇ, ಪ್ರತ್ಯೇಕ ಇಮೇಲಿನಲ್ಲಿ, ಉತ್ತರಿಸಲು ಕೊಟ್ಟ ಗಡುವಿನ ಒಳಗೆ ಕೇಳಬೇಕು.

ಇನ್ನೊಂದು ಗುಂಡಿ ಲೆಟರಿನ ಕೊನೆಯ ಪುಟದಲ್ಲಿರುತ್ತದೆ. ಹಿಂದಿನ ಎಲ್ಲ ಮಾತುಕತೆಗಳಿಗೂ ಈ ಪತ್ರವೇ ಅಂತಿಮ ಎಂಬ ಸಾಲು ಹಲವು ಆಫರ್‌ಗಳಲ್ಲಿ ಇರುತ್ತದೆ. ಆ ಸಾಲಿದ್ದಾಗ ಫೋನಿನ ‘ಮೂರು ದಿನ ಆಫೀಸು’ ಎಂಬ ಮಾತಿಗೆ ಆಧಾರ ತೀರಾ ಕಡಿಮೆ. ಎಚ್‌ಆರ್ ಇಮೇಲಿನಲ್ಲಿ ‘ಹೌದು’ ಎಂದ ಮೇಲೂ, ಸಹಿ ಹಾಕುವ ಮುನ್ನ ಅದನ್ನು ಲೆಟರಿಗೇ ಸೇರಿಸಿ ಹೊಸ ಪ್ರತಿ ಕಳಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಎರಡು ಕೆಲಸದ ದಿನ ಕಳೆದರೂ ಉತ್ತರ ಬರದಿದ್ದರೆ ಫೋನ್ ಮಾಡಿ, ಅಲ್ಲಿ ಹೇಳಿದ್ದನ್ನು ಅದೇ ಇಮೇಲಿನ ಕೆಳಗೆ ‘ಈಗ ಮಾತಾಡಿದಂತೆ’ ಎಂದು ಬರೆದು ಕಳಿಸಬಹುದು. ಹಳೆಯ ಕಂಪನಿಗೆ ರಾಜೀನಾಮೆ ಕೊಡುವುದು ಇದೆಲ್ಲ ಆದ ಮೇಲೆ. ನೋಟಿಸ್ ಅವಧಿ 60 ದಿನ ಎಂದಾದರೆ, ಸೆಪ್ಟೆಂಬರ್ 8ಕ್ಕೆ ಸೇರಲು ಜುಲೈ ಮೊದಲ ವಾರದವರೆಗೂ ಅವಕಾಶವಿರುತ್ತದೆ.