ಮನೆಯೂಟದ ಆರ್ಡರ್‌ಗೂ ಮೊದಲು ನೋಂದಣಿ

ನಮ್ಮ ಗಿರಿಯ ಸುತ್ತಲಿನ ಹೋಂಸ್ಟೇಗಳಿಗೆ ಮನೆಯಿಂದಲೇ ಕಡುಬು, ಅಕ್ಕಿರೊಟ್ಟಿ ಮಾಡಿಕೊಡುವ ಯೋಚನೆ ನಿಮಗೂ ಇರಬಹುದು. ದುಡ್ಡು ಪಡೆಯುವ ಮುನ್ನ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಹೋಂಸ್ಟೇಯವರ ನೋಂದಣಿ ನಿಮ್ಮ ಅಡುಗೆಮನೆಗೆ ಅನ್ವಯಿಸದು. ಅಡುಗೆ ಆಗುವ ಜಾಗಕ್ಕೇ ಅದು ಬೇಕು.

ನೋಂದಣಿ ಸಾಕೋ, ಪರವಾನಗಿಯೇ ಬೇಕೋ? 2011ರ ನಿಯಮ ಸಣ್ಣ ಉದ್ಯಮಕ್ಕೆ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟಿನ ಮಿತಿ ಇಟ್ಟಿತು. ನಾನು ಲೆಕ್ಕ ಹಾಕಿದೆ: 120 ರೂಪಾಯಿಯ 20 ಊಟ, ತಿಂಗಳಿಗೆ 25 ದಿನ ಎಂದರೆ ವರ್ಷಕ್ಕೆ 7.2 ಲಕ್ಷ. ಊಟ 40 ಆದರೆ 14.4 ಲಕ್ಷ, ಮಿತಿ ದಾಟಿತು. ಇಲ್ಲಿ ಎಣಿಸುವುದು ಲಾಭವನ್ನಲ್ಲ, ಒಟ್ಟು ಮಾರಾಟವನ್ನು.

ಇನ್ನೊಂದು ತೊಡಕಿದೆ. ಸಮಾರಂಭಗಳಲ್ಲಿ ಊಟ ಹಂಚುವ ಸಣ್ಣವರನ್ನು ನೋಂದಣಿಯ ವ್ಯಾಖ್ಯೆಗೆ ಸೇರಿಸುವಾಗ ಅದೇ ನಿಯಮ ‘ಕೇಟರರ್ ಹೊರತುಪಡಿಸಿ’ ಎನ್ನುತ್ತದೆ. ಹಾಗಾಗಿ ಮದುವೆ ಊಟ ಒಪ್ಪಿಕೊಳ್ಳುವ ಮೊದಲು ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಯನ್ನು ಕೇಳಿ, foscos.fssai.gov.in ತಾಣದಲ್ಲಿ ಸರಿಯಾದ ಉದ್ಯಮ ವಿಧವನ್ನೇ ಆರಿಸಿ. ಈಗಿನ ಮಿತಿ, ಶುಲ್ಕವನ್ನೂ ಅಲ್ಲೇ ನೋಡಿ.

ಅಬ್ಬಿ ನೀರಿಗೆ ಪೈಪ್ ಎಳೆದ ಮನೆಯಾದರೆ ನೀರಿನ ಪರೀಕ್ಷೆ ಮಾಡಿಸಿಡಿ, ಮಳೆಗಾಲದಲ್ಲಿ ಮತ್ತೊಮ್ಮೆ. ಕೈಗೆ ಬಂದ 14 ಅಂಕಿಯ ಸಂಖ್ಯೆಯನ್ನು ಬಿಲ್ ಮೇಲೆ ನಮೂದಿಸಿ.