ಮಕ್ಕಳಿಲ್ಲದವರ ಆಸ್ತಿ: ಯಾವ ತಮ್ಮನಿಗೆ ಎಷ್ಟು ಪಾಲು?

ಮಕ್ಕಳೂ ಮೊಮ್ಮಕ್ಕಳೂ ಇಲ್ಲದ, ತಂದೆಯೂ ತೀರಿಕೊಂಡಿರುವ ಮುಸ್ಲಿಮರೊಬ್ಬರು ನಿಧನರಾದರೆ ಅವರ ಆಸ್ತಿಯಲ್ಲಿ ಒಡಹುಟ್ಟಿದವರಿಗೆ ಪಾಲು ಬರುತ್ತದೆ. ತಂದೆ ಬದುಕಿದ್ದರೆ ಇವರಲ್ಲಿ ಯಾರಿಗೂ ಏನೂ ಇಲ್ಲ. ನಮ್ಮಲ್ಲಿ ಹೆಚ್ಚಿನವರು ಪಾಲಿಸುವ ಹನಫಿ ಪಂಥದಲ್ಲಿ ತಂದೆಯ ತಂದೆ ಇದ್ದರೂ ಹೀಗೆಯೇ. ಈ ಎರಡು ಬಾಗಿಲು ದಾಟಿದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಇವರು ಯಾರ ಮೂಲಕ ಒಡಹುಟ್ಟಿದವರು?

ಒಂದೇ ತಂದೆ-ತಾಯಿಯ ಮಕ್ಕಳು ಮೊದಲನೆಯವರು. ತಂದೆ ಒಬ್ಬರೇ, ತಾಯಿ ಬೇರೆಯಾದವರು ಎರಡನೆಯವರು. ತಾಯಿ ಒಬ್ಬಳೇ, ತಂದೆ ಬೇರೆಯಾದವರು ಮೂರನೆಯವರು. ಇಬ್ಬರಲ್ಲಿ ಯಾರೂ ಸಮಾನರಲ್ಲದ ಮಲಮಕ್ಕಳಿಗೆ, ಒಂದೇ ಮನೆಯಲ್ಲಿ ಬೆಳೆದಿದ್ದರೂ, ಪಾಲಿಲ್ಲ.

ತಾಯಿ ಕಡೆಯವರ ಲೆಕ್ಕ ಸರಳ. ಒಬ್ಬರೇ ಇದ್ದರೆ ಆರನೇ ಒಂದು ಪಾಲು. ಇಬ್ಬರು ಅಥವಾ ಹೆಚ್ಚು ಇದ್ದರೆ ಎಲ್ಲರಿಗೂ ಸೇರಿ ಮೂರನೇ ಒಂದು. ಇಲ್ಲಿ ಗಂಡಿಗೂ ಹೆಣ್ಣಿಗೂ ಸಮಪಾಲು. ಕುರ್‌ಆನಿನ ನಿಸಾ ಅಧ್ಯಾಯದ 12ನೇ ವಚನ ಇವರ ಕುರಿತದ್ದೆಂದು ಪಂಡಿತರು ಹೇಳುತ್ತಾರೆ. ಉಳಿದ ಇಬ್ಬರ ವಿಷಯ ಅದೇ ಅಧ್ಯಾಯದ 176ನೇ ವಚನದಲ್ಲಿದೆ. ಅಲ್ಲಿ ಒಬ್ಬಳೇ ಸಹೋದರಿಗೆ ಅರ್ಧ, ಇಬ್ಬರು ಅಥವಾ ಹೆಚ್ಚಿದ್ದರೆ ಒಟ್ಟಿಗೆ ಮೂರನೇ ಎರಡು. ಜೊತೆಗೆ ಸಹೋದರನಿದ್ದರೆ ನಿಗದಿತ ಪಾಲು ಹೋಗಿ, ಉಳಿದದ್ದನ್ನು ಗಂಡಿಗೆ ಎರಡು, ಹೆಣ್ಣಿಗೆ ಒಂದರಂತೆ ಹಂಚಬೇಕು.

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಸಲೀಂ ತೀರಿಕೊಂಡರು. ಶವಸಂಸ್ಕಾರದ ಖರ್ಚು, ಸಾಲ, ಹೆಂಡತಿಯ ಬಾಕಿ ಮೆಹರ್ ಕಳೆದು 24 ಲಕ್ಷ ರೂಪಾಯಿ ಉಳಿಯಿತು. ತಂದೆ, ತಾಯಿ, ಅಜ್ಜ, ಅಜ್ಜಿ ಯಾರೂ ಇಲ್ಲ. ಇರುವವರು ಹೆಂಡತಿ, ಒಂದೇ ತಂದೆ-ತಾಯಿಯ ತಂಗಿ, ತಾಯಿಯ ಮೊದಲ ಮದುವೆಯ ಮಗ, ತಂದೆಯ ಎರಡನೇ ಮದುವೆಯ ಮಗ. ಮಕ್ಕಳಿಲ್ಲದ್ದರಿಂದ ಹೆಂಡತಿಗೆ ನಾಲ್ಕನೇ ಒಂದು, ಅಂದರೆ 6 ಲಕ್ಷ. ತಂಗಿಗೆ ಅರ್ಧ, 12 ಲಕ್ಷ. ತಾಯಿ ಕಡೆಯ ಅಣ್ಣನಿಗೆ ಆರನೇ ಒಂದು, 4 ಲಕ್ಷ. ತಂದೆ ಕಡೆಯ ತಮ್ಮನಿಗೆ ನಿಗದಿತ ಪಾಲಿಲ್ಲ, ಉಳಿದದ್ದೇ ಅವನಿಗೆ: 2 ಲಕ್ಷ.

ತಂಗಿಯ ಜಾಗದಲ್ಲಿ ಒಂದೇ ತಂದೆ-ತಾಯಿಯ ತಮ್ಮನಿದ್ದಿದ್ದರೆ? ಹೆಂಡತಿಗೆ 6, ತಾಯಿ ಕಡೆಯ ಅಣ್ಣನಿಗೆ 4 ಹೋಗಿ ಉಳಿದ 14 ಲಕ್ಷವೂ ಅವನಿಗೆ. ತಂದೆ ಕಡೆಯ ತಮ್ಮ ಬರಿಗೈ. ಹತ್ತಿರದ ತಮ್ಮ ಅವನನ್ನು ಹೊರಗಿಡುತ್ತಾನೆ. ತಾಯಿ ಕಡೆಯ ಅಣ್ಣನನ್ನು ಮಾತ್ರ ಅವನು ಅಲುಗಿಸಲಾರ.

ಇನ್ನೊಂದು ತಿರುವು ನೋಡಿ. ಮೊದಲ ಹಂಚಿಕೆಯಲ್ಲಿ ತಂದೆ ಕಡೆಯ ತಮ್ಮನ ಬದಲು ತಂದೆ ಕಡೆಯ ತಂಗಿ ಇದ್ದರೆ, ಒಂದೇ ತಂದೆ-ತಾಯಿಯ ಒಬ್ಬಳೇ ತಂಗಿಯ ಜೊತೆ ಆಕೆಗೆ ಆರನೇ ಒಂದು ನಿಗದಿತ ಪಾಲು ಇದೆ. ಆಗ ಹನ್ನೆರಡರಲ್ಲಿ 3, 6, 2, 2 ಸೇರಿ 13 ಆಗುತ್ತದೆ. ಪಾಲು ಆಸ್ತಿಯನ್ನೇ ಮೀರಿತು! ಹೀಗಾದಾಗ ಆಸ್ತಿಯನ್ನು 13 ಭಾಗ ಮಾಡಿ ಎಲ್ಲರಿಗೂ ಅದೇ ಅನುಪಾತದಲ್ಲಿ ಕಡಿಮೆ ಕೊಡುತ್ತಾರೆ. ಇದನ್ನು ಔಲ್ ಎನ್ನುತ್ತಾರೆ. ತಮ್ಮನಿಗೆ ಹನ್ನೆರಡರಲ್ಲಿ ಒಂದೇ ಸಿಕ್ಕಿತ್ತು, ತಂಗಿಗೆ ಹದಿಮೂರರಲ್ಲಿ ಎರಡು. ಗಂಡಿಗೆ ಯಾವಾಗಲೂ ಇಮ್ಮಡಿ ಎಂಬ ಮಾತು ಇಲ್ಲಿ ಸುಳ್ಳಾಗುತ್ತದೆ.

ಪಂಥ ಬದಲಾದರೆ ಉತ್ತರವೂ ಬದಲಾಗಬಹುದು. ಮಹಿಳೆಯೊಬ್ಬರು ಗಂಡ, ತಾಯಿ, ತಾಯಿ ಕಡೆಯ ಇಬ್ಬರು ಸಹೋದರರು ಮತ್ತು ಒಂದೇ ತಂದೆ-ತಾಯಿಯ ಒಬ್ಬ ತಮ್ಮನನ್ನು ಬಿಟ್ಟು ಹೋದರೆನ್ನಿ. ಗಂಡನಿಗೆ ಅರ್ಧ, ತಾಯಿಗೆ ಆರನೇ ಒಂದು, ಆ ಇಬ್ಬರಿಗೆ ಮೂರನೇ ಒಂದು. ಅಲ್ಲಿಗೆ ಎಲ್ಲ ಮುಗಿಯಿತು. ಹನಫಿ ಲೆಕ್ಕದಲ್ಲಿ ತಮ್ಮನಿಗೆ ಶೂನ್ಯ. ಶಾಫಿ ಪಂಥ ಮಾತ್ರ, ಇವನೂ ಅದೇ ತಾಯಿಯ ಮಗನಲ್ಲವೇ ಎಂದು, ಆ ಮೂರನೇ ಒಂದರಲ್ಲಿ ಮೂವರಿಗೂ ಸಮನಾಗಿ ಹಂಚುತ್ತದೆ. ಭಟ್ಕಳದ ನವಾಯತರು ಮತ್ತು ಕರಾವಳಿಯ ಬ್ಯಾರಿಗಳಲ್ಲಿ ಶಾಫಿಗಳೇ ಹೆಚ್ಚಾದ್ದರಿಂದ ಈ ವ್ಯತ್ಯಾಸ ನಮ್ಮ ರಾಜ್ಯದಲ್ಲೂ ಮುಖ್ಯ. ಶಿಯಾಗಳ ನಿಯಮ ಇನ್ನೂ ಬೇರೆ. ಅಲ್ಲಿ ತಾಯಿ ಬದುಕಿದ್ದರೆ ಒಡಹುಟ್ಟಿದವರಿಗೆ ಪಾಲೇ ಇಲ್ಲ.

ತಪ್ಪಾಗುವುದು ಹೆಚ್ಚಾಗಿ ಗಣಿತದಲ್ಲಲ್ಲ, ಪಟ್ಟಿಯಲ್ಲಿ. ತಂದೆಯ ಹೆಸರಿನಿಂದ ಶುರುವಾಗುವ ವಂಶವೃಕ್ಷದಲ್ಲಿ ತಾಯಿಯ ಹಿಂದಿನ ಮದುವೆಯ ಮಕ್ಕಳು ಬಿಟ್ಟುಹೋಗಬಹುದು. ಹಾಗಾಗಿ ಪ್ರತಿಯೊಬ್ಬರ ಹೆಸರಿನ ಮುಂದೆ ತಂದೆ, ತಾಯಿ ಇಬ್ಬರ ಹೆಸರನ್ನೂ ಬರೆದುಕೊಂಡೇ ಲೆಕ್ಕಕ್ಕೆ ಕೂರಬೇಕು.

ಹೊರಗುಳಿಯುವ ತಮ್ಮನಿಗೂ ಏನಾದರೂ ಸಿಗಲಿ ಎಂದಿದ್ದರೆ ದಾರಿಯಿದೆ. ಹನಫಿ ಕಾನೂನಿನಲ್ಲಿ ವಾರಸುದಾರನಿಗೆ ಉಯಿಲು ಬರೆದರೆ ಉಳಿದ ವಾರಸುದಾರರ ಒಪ್ಪಿಗೆ ಬೇಕು. ಆದರೆ ಒಂದೇ ತಂದೆ-ತಾಯಿಯ ತಮ್ಮ ಇರುವಾಗ ತಂದೆ ಕಡೆಯ ತಮ್ಮ ವಾರಸುದಾರನೇ ಅಲ್ಲ. ಅವನಿಗೆ ಆಸ್ತಿಯ ಮೂರನೇ ಒಂದರವರೆಗೆ ಯಾರನ್ನೂ ಕೇಳದೆ ಉಯಿಲು ಬರೆಯಬಹುದು.